ಬೇವಿನ ಮರದ ತನಕ

ಭಾನುವಾರ ಬೆಳಿಗ್ಗೆ ಆರೂವರೆ. ಮೈಸೂರಿನ ಸರಸ್ವತಿಪುರಂನ ನಮ್ಮ ಅಡ್ಡರಸ್ತೆಯಲ್ಲಿ ಹಾಲಿನವನನ್ನು ಬಿಟ್ಟರೆ ಯಾರೂ ಇರಲಿಲ್ಲ. ನನಗೆ 18 ತುಂಬಿ ಎರಡು ತಿಂಗಳು, ಎಲ್‌ಎಲ್‌ಆರ್ ಬಂದು ಮೂರು ದಿನ. ದೊಡ್ಡಮ್ಮ ತಮ್ಮ ಹಳೇ ಸ್ಕೂಟರಿಗೆ ಕೆಂಪು ಬಣ್ಣದ ‘ಎಲ್’ ಅಂಟಿಸಿದರು. ಚೂಡಿದಾರದ ವೇಲನ್ನು ಸೊಂಟಕ್ಕೆ ಕಟ್ಟಿ, ಹೆಲ್ಮೆಟ್ ಹಾಕಿ ಹಿಂದೆ ಕೂತರು.

“ಮೊದಲು ಬ್ರೇಕ್ ಹಿಡಿ, ಆಮೇಲೆ ಸ್ಟಾರ್ಟ್. ಆಕ್ಸಿಲರೇಟರ್ ಅಂದ್ರೆ ಒದ್ದೆ ಬಟ್ಟೆ ಹಿಂಡೋದಲ್ಲ ಪುಟ್ಟಿ. ಸುಮ್ನೆ ಒಂಚೂರು ತಿರುಗಿಸು.”

ನಾನು ಹಿಂಡಿದೆ. ಗಾಡಿ ಎಗರಿ, ಮೂಲೆಮನೆ ಅಜ್ಜಿಯ ರಂಗೋಲಿ ಮೇಲೆ ಹೋಗಿ ನಿಂತಿತು. ನಿಲ್ಲಿಸಿದ್ದು ನಾನಲ್ಲ, ದೊಡ್ಡಮ್ಮನ ಎರಡು ಕಾಲು. ಒಂದು ಚಪ್ಪಲಿ ಹತ್ತಡಿ ಹಿಂದೆಯೇ ಉಳಿದಿತ್ತು.

ಈಗ ಬೈಗುಳ ಗ್ಯಾರಂಟಿ ಅಂದುಕೊಂಡೆ. ಅವರು ನಿಧಾನಕ್ಕೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದರು.

“ಭಯ ಆದ್ರೆ ಮುಷ್ಟಿ ಬಿಗಿಯಾಗುತ್ತೆ, ಗಾಡಿ ಇನ್ನೂ ಜಾಸ್ತಿ ಓಡುತ್ತೆ. ನನಗೂ ಹಾಗೇ ಆಗಿತ್ತು. ಬಲಗೈ ಸಡಿಲ ಬಿಡು, ಎಡಗೈಲಿ ಹಿಂದಿನ ಬ್ರೇಕ್. ಚಕ್ರ ನೋಡಬೇಡ, ಆ ಬೇವಿನ ಮರ ನೋಡು.”

ಮರದ ತನಕ ಹೋದೆವು. ಕಾಲು ಊರಿ ಊರಿ ತಿರುಗಿಸಿ ವಾಪಸ್ ಬಂದೆವು. ಮೂಲೆಮನೆ ಅಜ್ಜಿ ರಂಗೋಲಿ ಡಬ್ಬಿ ಹಿಡಿದು ಗೇಟಿನಲ್ಲಿ ನಿಂತಿದ್ದರು.

“ಮುಗೀತೇನಮ್ಮಾ?”

“ಇನ್ನೂ ನಾಲ್ಕು ರೌಂಡ್ ಇದೆ ಅಜ್ಜಿ,” ಅಂದರು ದೊಡ್ಡಮ್ಮ.

ಅಜ್ಜಿ ಡಬ್ಬಿಯ ಮುಚ್ಚಳ ಹಾಕಿ, ಜಗಲಿಯ ಮೇಲೆ ಕೂತುಬಿಟ್ಟರು.