ಮಲ್ಲಣ್ಣನಿಗೆ, ಜೂನ್ 1ರ ಬೆಳಿಗ್ಗೆ

ಮಲ್ಲಣ್ಣ,

ಏಳು ಗಂಟೆಯಾಯಿತು, ಫೋನ್ ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದೂ ಚಹಾದ ಕಪ್ಪು ಹಿಡಿದುಕೊಂಡು ಫೋನಿನ ಮುಂದೆಯೇ ಕುಳಿತಿದ್ದೆ. ಇವಳು ಅಡುಗೆಮನೆಯಿಂದ ಬಂದು ನೋಡಿದಳು, ಏನೂ ಕೇಳದೆ ಒಳಗೆ ಹೋದಳು. ನಿನಗೆ ಫೋನ್ ಮಾಡೋಣವೆಂದುಕೊಂಡೆ. ಆದರೆ ನೀನು "ಆರಾಮ ಇದ್ದೇನೆ" ಎಂದು ಮುಗಿಸುತ್ತೀಯ, ನಾನು ಮಳೆಯ ಸುದ್ದಿಗೆ ಹೊರಳುತ್ತೇನೆ, ಇಬ್ಬರೂ ಫೋನ್ ಇಟ್ಟು ಬೇರೆ ಬೇರೆ ಊರಿನಲ್ಲಿ ಸುಮ್ಮನೆ ಕುಳಿತುಕೊಳ್ಳುತ್ತೇವೆ. ಹಾಗಾಗಿ ಬರೆಯುತ್ತಿದ್ದೇನೆ. ಉದ್ದವಾದರೆ ಅರ್ಧ ಈಗ ಓದು, ಅರ್ಧ ಆಮೇಲೆ ಓದು. ಅಂಚೆ ಕಚೇರಿಯಲ್ಲಿ ಜೀವನ ಸವೆಸಿದವನಿಗೆ ಸಣ್ಣ ಪತ್ರ ಬರೆಯಲು ಬರುವುದಿಲ್ಲ.

ಇಂದು ವೈನಿಯ ಹುಟ್ಟಿದ ದಿನ. ನನ್ನದೂ. ನಮ್ಮ ನಿವೃತ್ತರ ವಾಟ್ಸ್‌ಆ್ಯಪ್ ಗುಂಪನ್ನು ನೋಡಿದರೆ ಅರ್ಧ ಗುಂಪಿನದೂ ಇಂದೇ. ಬೆಳಗಿನಿಂದ ಒಬ್ಬರಿಗೊಬ್ಬರು ಹೂವಿನ ಚಿತ್ರ ಕಳಿಸುತ್ತಿದ್ದಾರೆ. ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ತುಂಬಿರಬೇಕು, ಅವ್ವ-ಅಪ್ಪನಿಗೆ ತಾರೀಖು ಗೊತ್ತಿಲ್ಲ, ಮಾಸ್ತರರಿಗೆ ಪುರುಸೊತ್ತಿಲ್ಲ. ಎಲ್ಲರ ಹೆಸರಿನ ಮುಂದೆ ಜೂನ್ 1 ಎಂದು ಗೀಚಿ ಕೈ ತೊಳೆದುಕೊಂಡರು. ವೈನಿ ನನಗೆ ಹೇಳುತ್ತಿದ್ದರಲ್ಲ, "ಶಿವಣ್ಣನವರೇ, ನಾವಿಬ್ಬರೂ ಹೆಡ್ ಮಾಸ್ತರರ ಹೊಟ್ಟೆಯಲ್ಲಿ ಹುಟ್ಟಿದ ಅವಳಿ-ಜವಳಿ." ವರ್ಷವೂ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಆ ಫೋನ್ ಬರುತ್ತಿತ್ತು. ನನ್ನ ಮಕ್ಕಳಿಗಿಂತ ಮೊದಲು, ಇವಳಿಗಿಂತಲೂ ಮೊದಲು. ಹೋದ ವರ್ಷ ದನಿ ಸಣ್ಣದಾಗಿತ್ತು, ಆದರೂ ಏಳಕ್ಕೇ ಬಂದಿತ್ತು.

ನಿಜವಾದ ಹುಟ್ಟಿದ ದಿನ ಕಾರಹುಣ್ಣಿಮೆಯೆಂದು ಅವರ ತಾಯಿ ಹೇಳುತ್ತಿದ್ದದ್ದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಎತ್ತುಗಳ ಕೋಡಿಗೆ ಹುರಮಂಜ ಬಳಿಯುತ್ತಿದ್ದಾಗ ಬೇನೆ ಕಾಣಿಸಿಕೊಂಡಿತು, ಕರಿ ಹರಿಯುವ ಹೊತ್ತಿಗೆ ಕೂಸು ಅತ್ತಿತು, ಊರವರೆಲ್ಲ ಯಾವ ಎತ್ತು ಮುಂದೆ ಬಂತೆಂದು ನೋಡಲು ಅಗಸಿಗೆ ಓಡಿದ್ದರು, ಸೂಲಗಿತ್ತಿಯೊಬ್ಬಳನ್ನು ಬಿಟ್ಟು ಯಾರೂ ಇರಲಿಲ್ಲ. ವರ್ಷ ಯಾವುದೆಂದು ಕೇಳಿದರೆ ಮಾತ್ರ ಮುದುಕಿ ಪ್ರತಿ ಸಲ ಬೇರೆ ಉತ್ತರ ಕೊಡುತ್ತಿದ್ದರು. ದಾಖಲೆಯಲ್ಲಿ 1962. ಇರಲಿ.

ಈ ಜೂನ್ 1ರ ಮೇಲೆ ವೈನಿಗೆ ಇದ್ದ ಸಿಟ್ಟು ಬರೀ ತಮಾಷೆಯದಲ್ಲ. ತಾವು ಟೀಚರ್ ಆದ ಮೇಲೆ ಒಂದು ಮಗುವಿಗೂ ಆ ತಾರೀಖು ಬರೆಯಲಿಲ್ಲ ಎಂದು ಒಮ್ಮೆ ಹೇಳಿದ್ದರು. ದಾಖಲೆಯಿಲ್ಲದ ಮಗುವಿನ ತಾಯಿಯನ್ನು ಕೂರಿಸಿಕೊಂಡು ಸೀಗಿ ಹುಣ್ಣಿಮೆಯ ಹಿಂದೋ ಮುಂದೋ, ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಹೊಟ್ಟೆಯಲ್ಲಿತ್ತೋ ಕಂಕುಳಲ್ಲಿತ್ತೋ, ಪಂಚಮಿಯ ಜೋಕಾಲಿ ಕಟ್ಟಿದಾಗ ಬಾಣಂತಿಯೋ ಬಸುರಿಯೋ ಎಂದು ಕೇಳಿ ಕೇಳಿ, ಹಳೆಯ ಪಂಚಾಂಗ ತೆಗೆದು ತಾರೀಖು ಹಿಡಿಯುತ್ತಿದ್ದರು. ಆ ಪಂಚಾಂಗಗಳ ಗಂಟು ನಿನ್ನ ಅಂಗಡಿಯ ಖಣದ ತುಂಡಿನಲ್ಲಿ ಕಟ್ಟಿ ಅಟ್ಟದ ಮೇಲಿದೆಯಲ್ಲ? ಮನೆ ಸ್ವಚ್ಛ ಮಾಡುವ ಹುರುಪಿನಲ್ಲಿ ಯಾರಾದರೂ ಅದನ್ನು ರದ್ದಿಗೆ ಹಾಕಿಯಾರು. ಕೊಡಬೇಡ. ನಿನಗೆ ಜಾಗವಿಲ್ಲದಿದ್ದರೆ ನಾನು ಒಯ್ಯುತ್ತೇನೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ವೈನಿಯ ಶಿವಗಣಾರಾಧನೆಯ ದಿನ, ಪಂಕ್ತಿಗಳೆಲ್ಲ ಎದ್ದ ಮೇಲೆ, ನೀನು ನಾನು ಹಿತ್ತಲಲ್ಲಿ ನೀರಿನ ಟಾಕಿಯ ಪಕ್ಕ ನಿಂತಿದ್ದೆವು. ನೀನು ಕೈ ತೊಳೆಯುತ್ತ, ನನ್ನ ಮುಖ ನೋಡದೆ ಹೇಳಿದೆ: "ಇಷ್ಟು ವರ್ಷದ ಸಂಸಾರದಲ್ಲಿ ಆಕೆಗೆ ಒಂದು ಹುಟ್ಟುಹಬ್ಬ ಮಾಡಲಿಲ್ಲ ಮಾರಾಯ." ನನಗೆ ಅಂದೇ ಉತ್ತರ ಗೊತ್ತಿತ್ತು. ಗಂಟಲು ಹಿಡಿದುಕೊಂಡಿತು, ಅಷ್ಟರಲ್ಲಿ ಯಾರೋ ಪಾತ್ರೆಯವನ ಲೆಕ್ಕ ಕೇಳಲು ಬಂದರು, ನಾನೂ ಬಚಾವಾದಂತೆ ಆ ಕಡೆ ಹೊರಟುಬಿಟ್ಟೆ. ಆರು ತಿಂಗಳು ಮೇಲಾಯಿತು. ಆ ಉತ್ತರ ನನ್ನಲ್ಲೇ ಉಳಿದದ್ದು ತಪ್ಪು. ವಿಳಾಸ ಸರಿಯಿದ್ದ ಪತ್ರವನ್ನು ಬಟವಾಡೆ ಮಾಡದೆ ಇಟ್ಟುಕೊಂಡ ಹಾಗೆ.

2021 ನೆನಪಿದೆಯೇ? ನಾನು ನಿವೃತ್ತನಾದದ್ದು ಮೇ 31ಕ್ಕೆ. ತಿಂಗಳ 1ನೇ ತಾರೀಖಿಗೆ ಹುಟ್ಟಿದವನನ್ನು ಸರಕಾರ ಹಿಂದಿನ ತಿಂಗಳ ಕೊನೆಯ ದಿನವೇ ಮನೆಗೆ ಕಳಿಸುತ್ತದೆ. ಮಾಸ್ತರರು ಒಂದೇ ಒಂದು ದಿನ ಮುಂದೆ ಸರಿದು ಜೂನ್ 2 ಎಂದು ಬರೆದಿದ್ದರೆ ಪೂರಾ ಒಂದು ತಿಂಗಳ ಪಗಾರ ಹೆಚ್ಚು ಬರುತ್ತಿತ್ತು. ಆಗ ಕೊರೊನಾ, ಲಾಕ್‌ಡೌನ್. ಹಾರವಿಲ್ಲ, ಶಾಲಿಲ್ಲ, ಭಾಷಣವಿಲ್ಲ. ಸಂಜೆ ಮುಖಕ್ಕೆ ಅರಿವೆ ಕಟ್ಟಿಕೊಂಡು ಕಪಾಟಿನ ಕೀಲಿ ಕೊಟ್ಟು ನಡೆದುಕೊಂಡು ಮನೆಗೆ ಬಂದೆ. ಮರುದಿನ ಏಳಕ್ಕೆ ವೈನಿಯ ಫೋನ್. "ಎದ್ದು ನಿಲ್ಲಿ, ನಿಮಗೆ ಮಾನಪತ್ರ ಓದಬೇಕಾಗಿದೆ" ಎಂದರು. ನಾನು ನಿಜವಾಗಿಯೂ ಎದ್ದು ನಿಂತೆ. ಐದು ನಿಮಿಷ ಓದಿದರು, ಹಳೆಗನ್ನಡದ ಠೀವಿಯಲ್ಲಿ. ಮಳೆಗಾಲದಲ್ಲಿ ಮನಿಯಾರ್ಡರ್ ಹೊತ್ತು ತಿರುಗಿದ್ದು, ಓದಲು ಬಾರದ ಮುದುಕಿಯರಿಗೆ ಮಗನ ಕಾಗದ ಓದುವಾಗ ಕೆಟ್ಟ ಸುದ್ದಿಯ ಸಾಲನ್ನು ಮೆಲ್ಲನೆ ದಾಟಿಸಿ ಮೊದಲು ನೀರು ತರಿಸುತ್ತಿದ್ದದ್ದು, ಎಲ್ಲವೂ ಅದರಲ್ಲಿತ್ತು. ಇದನ್ನೆಲ್ಲ ನೀನೇ ಅವರಿಗೆ ಹೇಳಿರಬೇಕು, ನಾನಂತೂ ಹೇಳಿಲ್ಲ. ಮುಗಿದ ಮೇಲೆ "ಕಾಗದದಲ್ಲಿ ಕಳಿಸಿ ವೈನಿ" ಎಂದೆ. "ಕಾಗದ ಎಲ್ಲಿಯದು? ಬಾಯಿಗೆ ಬಂದದ್ದು ಹೇಳಿದೆ" ಎಂದು ನಕ್ಕರು. ಇವತ್ತಿಗೂ ನನಗೆ ಸಿಕ್ಕಿರುವ ಮಾನಪತ್ರ ಅದೊಂದೇ. ನೀನು ಆಗ ಸ್ನಾನಕ್ಕೆ ಹೋಗಿದ್ದೆಯಂತೆ.

ಆಮೇಲೆ ನಾನು ವಾಡಿಕೆಯಂತೆ ಕೇಳಿದೆ, "ನಿಮ್ಮ ಹುಟ್ಟುಹಬ್ಬದ ವಿಶೇಷ ಏನು?" ಎಂದು. ಅವರು ಹೇಳಿದ್ದು ಇದು: "ಏನು ವಿಶೇಷ ಬಂತು, ಈ ವರ್ಷ ಲಾಕ್‌ಡೌನಿನಲ್ಲಿ ತವರಿಗೆ ಹೋಗುವುದು ತಪ್ಪಿತು."

ನನಗೆ ಅರ್ಥವಾಗಲಿಲ್ಲ. ತಂದೆ-ತಾಯಿ ಹೋಗಿ ಎಷ್ಟೋ ವರ್ಷವಾಗಿತ್ತು. ಊರೇ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿತ್ತು, ಅಣ್ಣ ಪುನರ್ವಸತಿ ಕೇಂದ್ರದ ಮನೆಯನ್ನೂ ಮಾರಿ ಬೆಳಗಾವಿ ಸೇರಿದ್ದ. ಯಾವ ತವರು ಎಂದೆ. ಆಗ ಹೇಳಿದರು. ಜೂನ್ ಮೊದಲ ದಿನಕ್ಕೆ ಹಿನ್ನೀರು ಎಲ್ಲಕ್ಕಿಂತ ಕೆಳಗಿರುತ್ತದೆ, ಮಹಾರಾಷ್ಟ್ರದ ಮಳೆ ಇನ್ನೂ ಇಳಿದಿರುವುದಿಲ್ಲ, ಹಳೆಯ ಊರಿನ ಹನುಮಪ್ಪನ ಗುಡಿಯ ಕಟ್ಟೆ, ಬಾವಿಯ ಕಲ್ಲು, ಮನೆಯ ಹೊಸ್ತಿಲ ಗುರುತು ಮೇಲೆ ಬರುತ್ತವೆ. ಶಾಲೆ ಶುರುವಾದ ದಿನ ಸಂಜೆ ನೀನು ಅಂಗಡಿಯ ಬಾಗಿಲು ಬೇಗ ಎಳೆದು, ಸ್ಕೂಟರಿನ ಮೇಲೆ ಅವರನ್ನು ದಂಡೆಗೆ ಕರೆದುಕೊಂಡು ಹೋಗುತ್ತಿದ್ದೆ. "ನಮ್ಮವರು ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ಚಪ್ಪಲಿ ಕೆಸರಾಗುತ್ತದೆಂದು ಗೊಣಗುತ್ತಾರೆ. ಆದರೆ ಒಂದು ವರ್ಷವೂ ತಪ್ಪಿಸಿಲ್ಲ. ಹುಟ್ಟಿದ ದಿನ ಹೆಂಡತಿಯನ್ನು ತವರಿಗೆ ಕರೆದೊಯ್ಯುವ ಗಂಡ ಯಾರಿಗಿದ್ದಾನೆ, ಅದೂ ನೀರೊಳಗಿನ ತವರಿಗೆ?" ಅವರ ಮಾತನ್ನು ನನಗೆ ನೆನಪಿದ್ದಷ್ಟು ಹಾಗೇ ಬರೆದಿದ್ದೇನೆ, ಸೇರಿಸಿಲ್ಲ.

ನೀನು ಅದನ್ನು ಆಕೆಯ ಹಟವೆಂದು ಎಣಿಸಿದ್ದೆ. ನನ್ನ ಮುಂದೆಯೇ ಒಮ್ಮೆ ಅಂದಿದ್ದೆ, "ಇಡೀ ಊರು ಪರಿಹಾರದ ಚೆಕ್ ತೆಗೆದುಕೊಂಡು ಮರೆತಿತು, ಇವಳು ಇನ್ನೂ ಅಡುಗೆಮನೆ ಎಲ್ಲಿತ್ತೆಂದು ತೋರಿಸುತ್ತಾಳೆ" ಎಂದು. ಹೌದು, ತೋರಿಸಿದ್ದನ್ನು ವರ್ಷವರ್ಷವೂ ನಿಂತು ನೋಡಿದವನು ನೀನು. ಅಣೆಕಟ್ಟೆಯ 519.60 ಮೀಟರ್, ಇನ್ನು ಎತ್ತರಿಸಬೇಕೆನ್ನುವ 524.256 ಮೀಟರ್, ಇವೆರಡು ಅಂಕಿಗಳು ನಮ್ಮ ಕಡೆಯ ಓದು ಬಾರದ ಮುದುಕರಿಗೂ ಬಾಯಿಪಾಠ. ಆ ಎರಡು ಅಂಕಿಗಳ ಕೆಳಗೆ ಒಂದು ಒಲೆ, ಒಂದು ಹೊಸ್ತಿಲು ಇತ್ತೆಂದು ಕೇಳುವ ಕಿವಿ ಅವರಿಗೆ ನಿನ್ನಲ್ಲಿ ಸಿಕ್ಕಿತ್ತು. ಕೇಕು ತಂದು ಮೇಣದಬತ್ತಿ ಹಚ್ಚಿದ್ದರೆ ಬೈದು ನಿನ್ನ ಕೈಯಿಂದಲೇ ಆರಿಸುತ್ತಿದ್ದರು.

ಧೈರ್ಯ ತಂದುಕೋ ಎಂದು ನಾನು ಹೇಳುವುದಿಲ್ಲ, ಹೇಳಿದವರ ಮೇಲೆ ನಿನಗೆಷ್ಟು ಸಿಟ್ಟು ಬರುತ್ತದೆಂದು ಕಂಡಿದ್ದೇನೆ. ಮಗಳು ನಿನ್ನೆ ಪುಣೆಯಿಂದ ನನಗೆ ಫೋನ್ ಮಾಡಿದ್ದಳು. "ಕಾಕಾ, ಅಪ್ಪ ರಾತ್ರಿ ಅವ್ವನ ಫೋನಿಗೆ ಚಾರ್ಜ್ ಹಾಕಿ ಇಡುತ್ತಾರೆ, ಇದು ಸರಿಯೇ?" ಎಂದು ಕೇಳಿದಳು. ಸರಿಯೋ ತಪ್ಪೋ ಎಂದು ನೋಡಲು ಅದೇನು ಲೆಕ್ಕಪತ್ರವೇ, ಇಡಲಿ ಬಿಡು ಎಂದೆ. ಆ ಫೋನಿಗೆ ಈ ಬೆಳಿಗ್ಗೆ ನಾನೂ ಒಂದು ಸಾಲು ಕಳಿಸಿದ್ದೇನೆ, ಏಳು ಗಂಟೆ ಐದು ನಿಮಿಷಕ್ಕೆ. ನೀನು ನೋಡಿದ್ದರೆ ಬೇಸರಪಡಬೇಡ. ಅವಳಿ-ಜವಳಿಗಳಲ್ಲಿ ಒಬ್ಬರು ಫೋನ್ ಮಾಡದಿದ್ದರೆ ಇನ್ನೊಬ್ಬರಾದರೂ ಮಾಡಬೇಕಲ್ಲ.

ಇವತ್ತು ಭಾನುವಾರ. ನಾನು ವಿಜಯಪುರದಿಂದ ಹನ್ನೊಂದರ ಸುಮಾರಿಗೆ ಬಸ್ ಹತ್ತುತ್ತೇನೆ. ಕೊಲ್ಹಾರದಲ್ಲಿ ಇಳಿದು ಗಡಿಗೆ ಮೊಸರು ತೆಗೆದುಕೊಂಡು ಹಿಂದಿನ ಬಸ್ ಹಿಡಿಯುತ್ತೇನೆ. ವೈನಿಗೆ ಬೇರೆ ಊರಿನ ಮೊಸರು ಮೊಸರೇ ಅಲ್ಲ, ನನಗೂ ಅದೇ ಚಟ ಹತ್ತಿದೆ. ಇವಳು ರೊಟ್ಟಿ, ಗುರೆಳ್ಳು ಚಟ್ನಿ, ಎಣ್ಣೆಗಾಯಿ ಕಟ್ಟುತ್ತಿದ್ದಾಳೆ, ನೀನು ಒಲೆ ಹಚ್ಚುವುದು ಬೇಡ. ಬರಬೇಡ ಎನ್ನುವುದಾದರೆ ಹತ್ತರೊಳಗೆ ಹೇಳು, ಬೇಸರವಿಲ್ಲ. ಏನೂ ಹೇಳದಿದ್ದರೆ ಬರುತ್ತೇನೆ.

ಊಟವಾದ ಮೇಲೆ ದಂಡೆಗೆ ಹೋಗುವುದೋ ಬಿಡುವುದೋ ನಿನ್ನ ಮನಸ್ಸು. ಈ ವರ್ಷ ಬೇಡವೆನಿಸಿದರೆ ಕಟ್ಟೆಯ ಮೇಲೆ ಕುಳಿತು ಪಂಚಾಂಗದ ಗಂಟು ಬಿಚ್ಚೋಣ, ಕಾರಹುಣ್ಣಿಮೆಗೆ ಇನ್ನೂ ಹತ್ತು ದಿನವಿದೆ, ಬೇಕಾದರೆ ಅಂದು ಹೋಗೋಣ. ಹೋಗುವುದಾದರೆ ನೀನೇ ಮುಂದೆ ನಡೆಯಬೇಕು. ಅಡುಗೆಮನೆ ಎಲ್ಲಿತ್ತು, ಬಾವಿ ಎಲ್ಲಿತ್ತು ಎಂದು ನನಗೆ ಗೊತ್ತಿಲ್ಲ. ಈಗ ಅದನ್ನು ತೋರಿಸಬಲ್ಲವನು ನೀನೊಬ್ಬನೇ.

ಸ್ಕೂಟರಿನ ಹಿಂದಿನ ಗಾಲಿ ಹೋದ ಸಲ ಮೆತ್ತಗಾಗಿತ್ತು. ಗಾಳಿ ಹಾಕಿಸಿಡು.

ನಿನ್ನ,
ಶಿವಾನಂದ