ಲೇಜಿಮ್ ಕವಾಯತಿನ ಹಳೆಯ ಧುನ್ ಬೇಕಾಗಿದೆ

ಮುಂಡರಗಿ
2 ಡಿಸೆಂಬರ್

ಗದಗದ ವಾದ್ಯದ ಅಂಗಡಿಯ ಕಾಕಾ ಅವರಿಗೆ ಶಾರದಾ ಟೀಚರ್ ಮಾಡುವ ನಮಸ್ಕಾರಗಳು.

ಈ ಪತ್ರ ತಂದವರು ನಮ್ಮ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷರು. ಅವರ ಕೈಯಲ್ಲಿ ಪೇಟಿಯನ್ನೂ ಕೊಟ್ಟು ಕಳಿಸಿದ್ದೇನೆ. ಅದರ ವಿಷಯ ಕೊನೆಗೆ ಬರೆಯುತ್ತೇನೆ, ಮೊದಲು ದೊಡ್ಡ ಕೆಲಸ.

ಜನವರಿ 26ಕ್ಕೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ನಮ್ಮ ಕಾಲದ ಲೇಜಿಮ್ ಕವಾಯತನ್ನು ಇನ್ನೊಮ್ಮೆ ಮಾಡಬೇಕೆಂದು ಹಟ ಹಿಡಿದಿದ್ದಾರೆ. ನಾನೂ ಅದೇ ಶಾಲೆಯಲ್ಲಿ ಕಲಿತವಳು, ಹಟದಲ್ಲಿ ನನ್ನ ಪಾಲೂ ಇದೆ. ಕವಾಯತು ಎಲ್ಲರಿಗೂ ನೆನಪಿದೆ, ಅದರ ಹಿಂದೆ ಬಾರಿಸುತ್ತಿದ್ದ ಪ್ಲೇಟು ಮಾತ್ರ ಇಲ್ಲ. ಆಫೀಸು ಖೋಲಿ ಬದಲಿಸುವಾಗ ಒಡೆದು ಹೋಯಿತು. ಎರಡು ಹೋಳು ಬೀರುವಿನಲ್ಲಿವೆ. ನಡುವಿನ ಕಾಗದದಲ್ಲಿ ನಾಯಿ ಚಿತ್ರ ಉಳಿದಿದೆ, ಹೆಸರಿದ್ದ ಜಾಗದ ಮೇಲೆ ಯಾರೋ ಶಾಲೆಯ ನಂಬರಿನ ಚೀಟಿ ಅಂಟಿಸಿದ್ದಾರೆ. ದಾಸ್ತಾನು ಪುಸ್ತಕ ತೆಗೆದು ನೋಡಿದರೆ ಅಲ್ಲಿ ‘ಡ್ರಿಲ್ ಪ್ಲೇಟು 1’ ಎಂದಷ್ಟೇ ಇದೆ! ಹೀಗಾಗಿ ಬಾಯಿಂದಲೇ ಹೇಳಬೇಕಾಗಿದೆ.

ಅದು 78ರ ಪ್ಲೇಟು, ಒಂದು ಮಗ್ಗುಲು ಮೂರು ನಿಮಿಷದ ಆಸುಪಾಸು. ಹಾಡುವವರಿಲ್ಲ, ಬರೀ ವಾದ್ಯ. ಮೊದಲು ತಬಲಾ ಇಲ್ಲದೆ ಕ್ಲಾರಿಯೊನೆಟ್ ಒಂದೇ, ನಿದ್ದೆಗಣ್ಣಲ್ಲಿ ಎದ್ದವರ ಹಾಗೆ ಮಂದ್ರದಿಂದ ಮೇಲೇರುತ್ತದೆ. ಆಮೇಲೆ ಜಲತರಂಗದ ಟಿಣ್ ಟಿಣ್, ಅದರ ಬೆನ್ನಿಗೇ ತಬಲಾ. ತಾಳ ಕೆರವಾ, ಧಾಗೆನತಿ ನಕಧಿನ, ಅದರಲ್ಲಿ ಸಂಶಯವಿಲ್ಲ. ಕಾಲು ಎಂಟೆಂಟು ಎಣಿಸಿಯೇ ಹಾಕುತ್ತಿದ್ದೆವು. ಧುನ್ ಹೀಗೆ:

ಸಾ ರೇ ಗ ಪ | ಗ – ರೇ –
ಸಾ ರೇ ಗ ರೇ | ಸಾ – ಧ –

ಕೊನೆಯ ಧ ಮಂದ್ರದ್ದು. ಎರಡು ಸಲ ಇದನ್ನೇ ನುಡಿಸಿ, ಮೂರನೆಯದರಲ್ಲಿ ‘ಪ ಧ ಪ –’ ಎಂದು ನಿಂತುಬಿಡುತ್ತದೆ. ಮುಂದಿನ ನಾಲ್ಕು ಮಾತ್ರೆ ತಬಲಾ ಒಂದೇ. ಆ ಖಾಲಿಯಲ್ಲಿ ನೂರು ಲೇಜಿಮ್ ಒಟ್ಟಿಗೆ ಝಣ್ ಎನ್ನಬೇಕು. ಅದಕ್ಕೇ ಬೇರೆ ಯಾವ ಧುನ್ ಹಾಕಿದರೂ ಕವಾಯತು ಕೂಡುವುದಿಲ್ಲ, ಹಾಕಿ ನೋಡಿಯೇ ಹೇಳುತ್ತಿದ್ದೇನೆ.

ನಮ್ಮೂರ ತಬಲಾ ಮಾಸ್ತರರ ಮುಂದೆ ಗುನುಗಿದೆ. ಮೊದಲು ‘ಭೂಪ್’ ಎಂದರು. ನಡುವೆ ಒಂದು ಕಡೆ ಶುದ್ಧ ಮಧ್ಯಮ ಹಾಯ್ದು ಹೋಗುತ್ತದೆ ಎಂದಾಗ, ‘ಹಂಗಾದ್ರ ಭೂಪ್ ಅಲ್ಲವಾ, ಪಹಾಡಿ’ ಎಂದರು. ನಿಮ್ಮ ಕಿವಿ ಏನು ಹೇಳುತ್ತದೋ ನೋಡಿ. ನಮ್ಮ ಗುಂಪಿನಲ್ಲಿ ಒಬ್ಬ, ರೇಡಿಯೋ ಶುರುವಾಗುವಾಗ ಬರುತ್ತಿದ್ದ ಆಕಾಶವಾಣಿ ಟ್ಯೂನೇ ಇದು ಎಂದು ವಾದಕ್ಕೆ ನಿಂತಿದ್ದಾನೆ. ಅಲ್ಲ. ವಾಲ್ಟರ್ ಕೌಫ್‌ಮನ್ ಮಾಡಿದ ಆ ಟ್ಯೂನಿನಲ್ಲಿ ತಂಬೂರಿಯ ಮೇಲೆ ವಯೊಲಿನ್, ರಾಗ ಶಿವರಂಜಿನಿ, ಗಾಂಧಾರ ಕೋಮಲ. ಕೇಳಿದರೆ ಬೆಳಗಿನ ಜಾವವೂ ಮನಸ್ಸು ಭಾರವಾಗುತ್ತದೆ. ನಮ್ಮದರ ಗಾಂಧಾರ ಶುದ್ಧ, ಖುಷಿಯ ಧುನ್.

ಇನ್ನೊಂದು ಗುರುತು ಹೇಳಬೇಕು, ನಗಬೇಡಿ. ಪ್ಲೇಟಿನ ನಡುವೆ ಒಂದು ಗೀರು ಇತ್ತು. ಮುಳ್ಳು ಅಲ್ಲಿ ಸಿಕ್ಕಿಕೊಂಡು ‘ಪ ಧ, ಪ ಧ, ಪ ಧ’ ಎಂದು ಒದರುತ್ತಿತ್ತು. ಡ್ರಿಲ್ ಮಾಸ್ತರರು ಓಡಿ ಬಂದು ಬೆರಳಿನಿಂದ ತಟ್ಟುವ ತನಕ ನಾವು ಕುಂತು ಎದ್ದು, ಕುಂತು ಎದ್ದು ಮಾಡಬೇಕು. ವರ್ಷಗಟ್ಟಲೆ ಹೀಗೇ ನಡೆದು ಆ ಬೈಠಕ್ಕೇ ಕವಾಯತಿನ ಭಾಗವಾಯಿತು. ಈಗಲೂ ಎಲ್ಲರ ಮೊಣಕಾಲು ಅಲ್ಲಿಗೆ ಬಂದೊಡನೆ ತಾನೇ ಮಡಚುತ್ತದೆ. ನಿಮ್ಮಲ್ಲಿ ಒಳ್ಳೆಯ ಪ್ಲೇಟು ಸಿಕ್ಕರೆ ಆ ಗೀರು ಇರುವುದಿಲ್ಲವಲ್ಲ, ಆ ತುಣುಕನ್ನು ನಾಲ್ಕು ಸಲ ಜೋಡಿಸಿ ಕೊಡಲು ನಿಮ್ಮ ಮಗನಿಗೆ ಹೇಳಿ. ಕಂಪ್ಯೂಟರಿನಲ್ಲಿ ಅದು ಎರಡು ನಿಮಿಷದ ಕೆಲಸವಂತೆ.

ಮಾಳಿಗೆಯ ಮೇಲಿನ ಹಳೆಯ ಪೆಟ್ಟಿಗೆಗಳಲ್ಲಿ ದಯವಿಟ್ಟು ಒಮ್ಮೆ ಹುಡುಕಿ. ಸಿಕ್ಕರೆ ಪೆನ್‌ಡ್ರೈವಿಗೆ ಹಾಕಿ ಕೊಡಿ, ಪ್ಲೇಟು ನಿಮ್ಮಲ್ಲೇ ಇರಲಿ. ಸಿಗದಿದ್ದರೆ ಬ್ಯಾಂಡಿನವರಲ್ಲಿ ಕ್ಲಾರಿಯೊನೆಟ್ ನುಡಿಸುವ ಒಬ್ಬರನ್ನು ಗೊತ್ತು ಮಾಡಿ, ಮೇಲೆ ಬರೆದ ಸ್ವರ ತೋರಿಸಿ. ಜಲತರಂಗದವರು ಸಿಗುವುದು ಕಷ್ಟ, ಅದಿಲ್ಲದೆ ನಡೆಸೋಣ. ಒಟ್ಟು ಖರ್ಚು ಎರಡು ಸಾವಿರದೊಳಗೆ ಮುಗಿಯಬೇಕು, ವಂತಿಗೆಯ ದುಡ್ಡು. ಡಿಸೆಂಬರ್ 20ರೊಳಗೆ ಕೈಸೇರಿದರೆ ತಾಲೀಮಿಗೆ ಒಂದು ತಿಂಗಳು ಸಿಗುತ್ತದೆ. ನಮ್ಮವರಲ್ಲಿ ಬಹಳ ಜನಕ್ಕೆ ಈಗ ಐವತ್ತು ದಾಟಿದೆ, ಒಂದು ತಿಂಗಳು ಬೇಕೇ ಬೇಕು.

ಇನ್ನು ಪೇಟಿ. ತಿದಿ ಒಂದು ಮೂಲೆಯಲ್ಲಿ ಹರಿದು ಗಾಳಿ ಸೋರುತ್ತಿದೆ. ಕಾಳಿ ಒಂದಕ್ಕೆ ಸಾ ಹಿಡಿದರೆ ಮಂದ್ರದ ಧ ಒತ್ತಿದ್ದು ಮೇಲೇಳುವುದೇ ಇಲ್ಲ, ಗುಂಯ್ ಅಂತಲೇ ಇರುತ್ತದೆ. ಧುನ್ ಹುಡುಗರಿಗೆ ಹೇಳಿಕೊಡಲು ನನಗೆ ಬೇಕಾದದ್ದೇ ಆ ಧ. ಅದನ್ನು ಮೊದಲು ಮಾಡಿಕೊಡಿ, ಅಧ್ಯಕ್ಷರು ಸಂಜೆಯ ಬಸ್ಸಿಗೆ ತಿರುಗಿ ತರುತ್ತಾರೆ.

ಕಾಕೂ ಅವರಿಗೆ ನಮಸ್ಕಾರ ತಿಳಿಸಿ.

ನಿಮ್ಮ
ಶಾರದಾ
ಸಹಶಿಕ್ಷಕಿ