ಎರಡು ಕೆಂಪು, ಎರಡು ನೀಲಿ: ಏಳನೇ ತರಗತಿಗೆ ಬಣ್ಣ ಬೆರೆಸುವ ಪಾಠ

ತರಗತಿ: ಏಳು, 36 ಮಕ್ಕಳು, ನಾಲ್ವರಂತೆ ಒಂಬತ್ತು ಗುಂಪು
ಸ್ಥಳ: ಉಡುಪಿ ತಾಲೂಕಿನ ಹಿರಿಯ ಪ್ರಾಥಮಿಕ ಶಾಲೆ, ಆಗಸ್ಟ್ ಎರಡನೇ ವಾರ
ಸಮಯ: ಜೋಡಿ ಪಿರಿಯಡ್, 80 ನಿಮಿಷ

ಮಕ್ಕಳು ಕಲಿಯಬೇಕಾದ್ದು

ಕೆಂಪಿಗೆ ನೀಲಿ ಸೇರಿದರೆ ನೇರಳೆ ಎಂದು ಮಕ್ಕಳಿಗೆ ಮೂರನೇ ತರಗತಿಯಿಂದಲೇ ಬಾಯಿಪಾಠ. ಬೆರೆಸಿ ನೋಡಿದರೆ ಹೆಚ್ಚಿನವರ ತಟ್ಟೆಯಲ್ಲಿ ಕೆಸರು ಬಣ್ಣ. ಅದು ಅವರ ಕೈಯ ತಪ್ಪಲ್ಲ, ಡಬ್ಬಿಯಿಂದ ಆರಿಸಿಕೊಂಡ ಕೆಂಪಿನದ್ದು. ಪ್ರತಿ ಬಣ್ಣವೂ ಪಕ್ಕದ ಯಾವುದೋ ಬಣ್ಣದ ಕಡೆಗೆ ವಾಲಿರುತ್ತದೆ. ಆ ವಾಲು ಕಣ್ಣಿಗೆ ಬಿದ್ದರೆ ಈ ಪಾಠದ ಮುಕ್ಕಾಲು ಪಾಲು ಮುಗಿದಂತೆ.

ತಯಾರಿ (10 ನಿಮಿಷ)

ಪೋಸ್ಟರ್ ಕಲರಿನಲ್ಲಿ ಆರು ಸಾಕು: ಲೆಮನ್ ಯೆಲ್ಲೋ, ವರ್ಮಿಲಿಯನ್, ಕ್ರಿಮ್ಸನ್, ಅಲ್ಟ್ರಾಮರೀನ್, ಪ್ರಷ್ಯನ್ ಬ್ಲೂ, ಬಿಳಿ. ಕಪ್ಪು ಬಾಟಲಿಯನ್ನು ಕಪಾಟಿನಲ್ಲೇ ಬಿಡಿ. ಅದು ಮೇಜಿನ ಮೇಲಿದ್ದರೆ ಗಾಢ ಬಣ್ಣ ಬೇಕಾದಾಗಲೆಲ್ಲ ಕೈ ಅಲ್ಲಿಗೇ ಹೋಗುತ್ತದೆ, ಮಕ್ಕಳು ಬೆರೆಸುವುದನ್ನೇ ಬಿಟ್ಟುಬಿಡುತ್ತಾರೆ.

ಗುಂಪಿಗೊಂದು ಬಿಳಿ ಪ್ಲಾಸ್ಟಿಕ್ ತಟ್ಟೆ. ಅಂಚಿನಲ್ಲಿ ಪ್ರತಿ ಬಣ್ಣ ಕಡಲೆಕಾಳಿನಷ್ಟು, ಹಳದಿ ಮತ್ತು ಬಿಳಿ ಅದರ ಮೂರರಷ್ಟು. ನೀರಿಗೆ ಎರಡು ಗೆರಟೆ, ಒಂದು ಬ್ರಶ್ ತೊಳೆಯಲು, ಇನ್ನೊಂದು ಬಣ್ಣಕ್ಕೆ ಸೇರಿಸಲು. ಗೆರಟೆ ಉರುಳದಂತೆ ಕೆಳಗೆ ಹಳೆ ಬೈರಾಸಿನ ತುಂಡನ್ನು ಸುತ್ತಿಡಿ, ಬ್ರಶ್ ಒರೆಸಲೂ ಅದೇ ಆಯಿತು. ಗೆರಟೆಯಲ್ಲಿ ಬಣ್ಣ ಕಲಸಲು ಮಾತ್ರ ಬಿಡಬೇಡಿ: ಕಂದು ತಳದ ಮೇಲೆ ಯಾವ ಬಣ್ಣವನ್ನೂ ಸರಿಯಾಗಿ ಅಳೆಯಲಾಗದು.

ಬ್ರಶ್ 6ನೇ ನಂಬರಿನ ದುಂಡನೆಯದು. ಕಲಸುವುದಕ್ಕೆ ಐಸ್‌ಕ್ರೀಂ ಕಡ್ಡಿ ಕೊಟ್ಟರೆ ಬ್ರಶ್ಶಿನ ತುದಿ ಉಳಿಯುತ್ತದೆ. ಡ್ರಾಯಿಂಗ್ ಹಾಳೆ ಎ4ರ ಅರ್ಧ. ಅದರಲ್ಲಿ 3.5 ಸೆಂಟಿಮೀಟರಿನ ಹನ್ನೆರಡು ಚೌಕ, ಸಾಲಿಗೆ ನಾಲ್ಕು, ನಡುವೆ ಒಂದು ಸೆಂಟಿಮೀಟರ್ ಬಿಡಿ. ಮಳೆಗಾಲದಲ್ಲಿ ಹಾಳೆ ತೇವ ಹೀರಿ ಮೆತ್ತಗಾಗಿರುತ್ತದೆ, ಬಣ್ಣ ಹರಡುತ್ತದೆ. ಹಿಂದಿನ ದಿನವೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ.

ಮೇಜಿಗೊಂದು ಹಂಚಿನ ಚೂರು, ಒಂದು ಕೆಸುವಿನ ಎಲೆಯೂ ಬೇಕು. ಎಲೆಯನ್ನು ಪಾರದರ್ಶಕ ಕವರಿನಲ್ಲಿ ಹಾಕಿಯೇ ಕೊಡಿ. ರಸ ತಾಗಿದರೆ ತುರಿಕೆ ಶುರುವಾಗಿ ಪಾಠ ಅಲ್ಲಿಗೇ ನಿಲ್ಲುತ್ತದೆ.

ಅಳತೆ: ಒದ್ದೆ ಬ್ರಶ್ಶಿನ ತುದಿಯಷ್ಟೇ ಬಣ್ಣಕ್ಕೆ ಮುಟ್ಟಿಸಿ ತೆಗೆದದ್ದು ಒಂದು ಚುಕ್ಕಿ.

ಮೊದಲ ಸಾಲು: ನಾಲ್ಕು ನೇರಳೆ (18 ನಿಮಿಷ)

ಎರಡು ಕೆಂಪನ್ನು ಅಕ್ಕಪಕ್ಕ ಬಳಿದು ತೋರಿಸಿ. ಹೆಸರು ಹೇಳುವ ಮೊದಲು ಕೇಳಿ: "ಇದರಲ್ಲಿ ಕೇಪಳ ಹೂವಿನ ಕೆಂಪು ಯಾವುದು, ಪುನರ್ಪುಳಿ ಶರಬತ್ತಿನ ಕೆಂಪು ಯಾವುದು?" ಉತ್ತರ ತಪ್ಪುವುದಿಲ್ಲ. ಕೇಪಳದ್ದು ವರ್ಮಿಲಿಯನ್, ಹಳದಿಯ ಕಡೆ ವಾಲಿದೆ. ಪುನರ್ಪುಳಿಯದ್ದು ಕ್ರಿಮ್ಸನ್, ನೇರಳೆಯ ಕಡೆ ವಾಲಿದೆ. ನೀಲಿಗಳಲ್ಲಿ ಪ್ರಷ್ಯನ್ ಹಸಿರಿನ ಕಡೆಗೆ, ಅಲ್ಟ್ರಾಮರೀನ್ ನೇರಳೆಯ ಕಡೆಗೆ.

ಈಗ ನಾಲ್ಕು ಚೌಕ. ವರ್ಮಿಲಿಯನ್ ಜತೆ ಪ್ರಷ್ಯನ್, ವರ್ಮಿಲಿಯನ್ ಜತೆ ಅಲ್ಟ್ರಾಮರೀನ್, ಕ್ರಿಮ್ಸನ್ ಜತೆ ಪ್ರಷ್ಯನ್, ಕ್ರಿಮ್ಸನ್ ಜತೆ ಅಲ್ಟ್ರಾಮರೀನ್. ಯಾವುದರಲ್ಲಿ ಒಳ್ಳೆಯ ನೇರಳೆ ಬರಬಹುದೆಂದು ಬಳಿಯುವ ಮೊದಲೇ ಪ್ರತಿಯೊಬ್ಬರೂ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಲಿ. ಎಲ್ಲದರಲ್ಲೂ ಕೆಂಪು ಮೊದಲು, ನೀಲಿ ಚುಕ್ಕಿಚುಕ್ಕಿಯಾಗಿ. ನೀಲಿ, ಅದರಲ್ಲೂ ಪ್ರಷ್ಯನ್, ಬಹಳ ಜೋರು. ನೀಲಿಯಿಂದ ಆರಂಭಿಸಿದರೆ ಕೆಂಪು ಎಷ್ಟು ಸುರಿದರೂ ತೃಪ್ತಿಯಿಲ್ಲ, ತಟ್ಟೆ ತುಂಬ ಬಣ್ಣ ದಂಡ.

ಮೊದಲನೆಯದು ಕಂದು ಕೆಸರಾಗುತ್ತದೆ, ಕೊನೆಯದು ಸ್ವಚ್ಛ ನೇರಳೆ. ನಡುವಿನ ಎರಡು ಮಂಕು. ಇಲ್ಲಿ ಅವಸರ ಬೇಡ, ಕಾರಣ ಮಕ್ಕಳ ಬಾಯಿಂದಲೇ ಬರಲಿ: ವರ್ಮಿಲಿಯನ್ನಿನೊಳಗೆ ಹಳದಿ ಅಡಗಿದೆ, ಪ್ರಷ್ಯನ್ನಿನ ಹಸಿರಿನಲ್ಲೂ ಹಳದಿ. ಎರಡೇ ಬೆರೆಸಿದೆವೆಂದುಕೊಂಡರೂ ಮೂರನೆಯದು ಹೇಳದೆ ಕೇಳದೆ ಬಂದು ಸೇರಿತ್ತು. ಗಾಢವಾದ ನೇರಳೆ ಕಪ್ಪಾಗಿಯೇ ಕಾಣುತ್ತದೆ, ಒಂದು ಚುಕ್ಕಿ ಬಿಳಿ ಹಾಕಿದರೆ ನಿಜ ಬಣ್ಣ ಹೊರಬರುತ್ತದೆ.

ಕೊನೆಯ ಚೌಕವೂ ಕೆಸರಾದವರ ತೊಳೆಯುವ ಗೆರಟೆ ನೋಡಿ, ಅಥವಾ ಬ್ರಶ್ಶಿನ ಬುಡ ಹಿಂಡಿ. ಹಳೆಯ ಬಣ್ಣ ಅಲ್ಲೇ ಉಳಿದಿರುತ್ತದೆ.

ಎರಡನೇ ಸಾಲು: ಹಸಿರು (12 ನಿಮಿಷ)

ಒಂದೇ ಹಳದಿ ಗುಡ್ಡೆಯಿಂದ ನಾಲ್ಕೂ ಚೌಕ. ಒಂದು ಚುಕ್ಕಿ ಪ್ರಷ್ಯನ್ ಹಾಕಿ ಬಳಿಯುವುದು, ಇನ್ನೊಂದು ಸೇರಿಸಿ ಎರಡನೆಯದು, ಮತ್ತೆರಡು ಸೇರಿಸಿ ಮೂರನೆಯದು, ಮತ್ತೆ ನಾಲ್ಕು ಸೇರಿಸಿ ಕೊನೆಯದು. ಹಳದಿ ಎಷ್ಟು ಬೇಗ ಸೋಲುತ್ತದೆ ಎಂಬುದನ್ನು ಬೇರೆ ವಿವರಿಸಬೇಕಿಲ್ಲ.

ಮೂರನೇ ಸಾಲು: ನೋಡಿ ಬೆರೆಸುವುದು (23 ನಿಮಿಷ)

ಹಂಚು, ಕೆಸುವಿನ ಎಲೆಯ ಮೇಲ್ಭಾಗ, ಎಲೆಯ ಅಡಿಭಾಗ, ಕಿಟಕಿಯಾಚೆಯ ಮಳೆಮೋಡ. ಚಿತ್ರ ಬರೆಯುವುದಲ್ಲ, ಬಣ್ಣ ಮಾತ್ರ. ಚೌಕದ ಕೆಳಗೆ ಚುಕ್ಕಿಗಳ ಲೆಕ್ಕ ಬರೆಯಬೇಕು.

ಆರಂಭಕ್ಕೆ ಹೀಗೆ. ಹಂಚಿಗೆ ವರ್ಮಿಲಿಯನ್ ಆರು, ಹಳದಿ ಎರಡು, ಅಬ್ಬರ ಇಳಿಸಲು ಅಲ್ಟ್ರಾಮರೀನ್ ಒಂದು. ಎಲೆಯ ಮೇಲ್ಭಾಗಕ್ಕೆ ಎರಡನೇ ಸಾಲಿನ ಕೊನೆಯ ಹಸಿರು, ಅದಕ್ಕೊಂದು ಚುಕ್ಕಿ ಕ್ರಿಮ್ಸನ್. ಹಸಿರಿಗೆ ಕೆಂಪೇ ಎಂದು ಮಕ್ಕಳು ನಗುತ್ತಾರೆ, ಡಬ್ಬಿಯ ಪ್ಲಾಸ್ಟಿಕ್ ಹಸಿರು ನಿಜವಾದ ಎಲೆಯಾಗುವುದು ಆ ಒಂದು ಚುಕ್ಕಿಯಿಂದ. ಅಡಿಭಾಗಕ್ಕೆ ಬಿಳಿ ಮೊದಲು, ಹಸಿರು ಅದರೊಳಕ್ಕೆ. ಮೋಡಕ್ಕೆ ಬಿಳಿ ಎಂಟು, ಅಲ್ಟ್ರಾಮರೀನ್ ಎರಡು, ಹಂಚಿಗೆ ಕಲಸಿದ ಬಣ್ಣ ಒಂದು. ಕಪ್ಪಿಲ್ಲದೆ ಬೂದು ಬರುತ್ತದೆ, ಕಪ್ಪಿನಿಂದ ಬಂದದ್ದಕ್ಕಿಂತ ಚಂದದ್ದೇ.

ಒಂದೊಂದು ಕಂಪೆನಿಯ ಬಣ್ಣದ ಜೋರು ಬೇರೆ, ಈ ಲೆಕ್ಕವನ್ನು ಕಟ್ಟಳೆ ಮಾಡಬೇಡಿ. ಪೋಸ್ಟರ್ ಕಲರ್ ಒಣಗಿದಾಗ ಛಾಯೆ ತುಸು ಬದಲಾಗುವುದೂ ಉಂಟು: ಚೂರು ಹಾಳೆಗೆ ಬಳಿದು, ಫ್ಯಾನಿನ ಕೆಳಗೆ ಒಣಗಿಸಿ, ಹಂಚಿನ ಪಕ್ಕ ಹಿಡಿದು ನೋಡಲಿ.

ಮಾತುಕತೆ (12 ನಿಮಿಷ)

ಹಾಳೆಗಳನ್ನು ಹಗ್ಗಕ್ಕೆ ಕ್ಲಿಪ್ ಹಾಕಿ ತೂಗಿಸಿ, ಹೆಸರು ಹಿಂಬದಿಗೆ. ಒಂದು ನಿಮಿಷ ಎಲ್ಲರೂ ಸುಮ್ಮನೆ ನೋಡಲಿ. ಗುಂಪಿಗೊಂದು ನಿಮಿಷ, ಗುಂಪೇ ಆರಿಸಿದ ಒಂದು ಹಾಳೆ. ಮಾತು ಚೌಕದ ಬಗ್ಗೆ, ಬಳಿದವರ ಬಗ್ಗೆ ಅಲ್ಲ. ಮೊದಲು ಕಂಡದ್ದನ್ನು ಹೇಳುವುದು, ಆಮೇಲೆ ಒಂದು ಪ್ರಶ್ನೆ.

"ಲಾಯ್ಕ ಉಂಟು" ಎಂದು ಯಾರಾದರೂ ನಿಲ್ಲಿಸಿದರೆ "ಎಲ್ಲಿ ಲಾಯ್ಕ?" ಎಂದಷ್ಟೇ ಕೇಳಿ. ತುಳುವಿನಲ್ಲಿ ಹೇಳಿದರೂ ಸರಿ. ಮಾತು ಹೀಗೆ ಸಾಗಬಹುದು:

"ಮೂರನೇ ಸಾಲಿನ ಮೊದಲ ಚೌಕ ಮಳೆಗೆ ನೆನೆದ ಹಂಚಿನ ಹಾಗೇ ಕಾಣ್ತದೆ. ನೀಲಿ ಎಷ್ಟು ಹಾಕಿದ್ದು ನೀನು?"
"ಎರಡು ಚುಕ್ಕಿ. ಒಂದೇ ಹಾಕ್ಲಿಕ್ಕೆ ಹೋದದ್ದು, ಜಾಸ್ತಿ ಆಯ್ತು."
"ಟೀಚರ್, ಹಾಗಾದ್ರೆ ಒಣಗಿದ ಹಂಚಿಗೆ ಒಂದು ಸಾಕಲ್ವಾ?"
"ಅವನ ಹಾಳೆ ಅಲ್ವಾ, ಅವನನ್ನೇ ಕೇಳು."

ಯಾರಾದರೂ "ಇದು ಗಲೀಜು ಬಣ್ಣ" ಎಂದರೆ ಗದರಬೇಡಿ. "ಯಾವ ಚೌಕ? ಅಲ್ಲಿ ಮೂರನೆಯ ಬಣ್ಣ ಯಾವುದು ಬಂದಿರಬಹುದು?" ಎಂದು ಮಾತನ್ನು ಬಣ್ಣಕ್ಕೆ ತಿರುಗಿಸಿ. ಕೊನೆಯ ಮಾತು ಯಾವಾಗಲೂ ಬಳಿದವರದ್ದು: ಇನ್ನೊಮ್ಮೆ ಮಾಡಿದರೆ ಯಾವ ಒಂದು ಚುಕ್ಕಿ ಬದಲಿಸುತ್ತೀರಿ? ಮಾತನಾಡಲು ನಾಚುವವರು ಅದನ್ನು ಹಾಳೆಯ ಹಿಂದೆ ಬರೆದರೂ ಆಯಿತು. ಅಂಕ ಇಲ್ಲ, ಒಳ್ಳೆಯ ಹಾಳೆ ಇದೇ ಎಂಬ ಘೋಷಣೆಯೂ ಇಲ್ಲ.

ತೊಳೆಯುವುದು (5 ನಿಮಿಷ)

ಉಳಿದ ಬಣ್ಣವನ್ನು ಬಾಟಲಿಗೆ ಮರಳಿ ಹಾಕಬೇಡಿ, ಮಿಶ್ರಣ ಸೇರಿ ಇಡೀ ಬಾಟಲಿ ಕೆಡುತ್ತದೆ. ಬಾಟಲಿಯ ಬಾಯಿ ಒರೆಸಿ ಮುಚ್ಚಳ ಬಿಗಿ ಮಾಡಿ, ಈ ತೇವದಲ್ಲಿ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಡ. ಹಾಳೆಗಳು ಮರುದಿನದವರೆಗೆ ಹಗ್ಗದಲ್ಲೇ ಇರಲಿ. ಅರ್ಧ ಒಣಗಿದ್ದನ್ನು ಫೈಲಿಗೆ ಹಾಕಿದರೆ ಒಂದಕ್ಕೊಂದು ಅಂಟಿ, ಬಿಡಿಸುವಾಗ ಬಣ್ಣ ಕಿತ್ತು ಬರುತ್ತದೆ.